ದರ ಬದಲಾಗಲಿ, ಫಲಕ ಉಳಿಯಲಿ: ದರ್ಶಿನಿ ನಡೆಸುವವರಿಗೊಂದು ಬಹಿರಂಗ ಪತ್ರ

ದರ್ಶಿನಿ, ಉಪಾಹಾರ ಗೃಹ, ಖಾನಾವಳಿ ನಡೆಸುತ್ತಿರುವ ಎಲ್ಲರಿಗೂ,

ನಾನು ಅಕ್ಷರ ಜೋಡಣೆಯ ಕೆಲಸದವನು. ಮದುವೆ ಕರೆಯೋಲೆ, ಬಿಲ್ ಪುಸ್ತಕ, ಕರಪತ್ರಗಳ ಜೊತೆಗೆ ಹೋಟೆಲುಗಳ ದರಪಟ್ಟಿಯನ್ನೂ ಮಾಡಿಕೊಡುತ್ತ ಬಂದಿದ್ದೇನೆ. ನಿಮ್ಮಲ್ಲಿ ಬಹಳ ಮಂದಿ ನನ್ನಂಥವರ ಅಂಗಡಿಗೆ ಬರುವುದು ದರ ಏರಿಸಬೇಕಾಗಿ ಬಂದಾಗ. ‘ಬೋರ್ಡು ಹಾಗೇ ಇರಲಿ, ರೇಟು ಮಾತ್ರ ಬದಲಾಯಿಸಿಕೊಡಿ’ ಎನ್ನುತ್ತೀರಿ. ಕೇಳಲು ಸಣ್ಣ ಕೆಲಸ. ಆದರೆ ಹೆಚ್ಚಿನ ಸಲ ಅದು ಸಾಧ್ಯವೇ ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಆಗುವಂತೆ ಮಾಡಲು ಏನು ಮಾಡಬೇಕು ಎಂದು ಒಬ್ಬೊಬ್ಬರಿಗೂ ಗಡಿಬಿಡಿಯಲ್ಲಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಸಮಾಧಾನವಾಗಿ ಬರೆಯೋಣ ಎಂದು ಈ ಪತ್ರ.

ನಿಮ್ಮ ದರಗಳು ನಿಮ್ಮ ಕೈಯಲ್ಲಿ ಮಾತ್ರ ಇಲ್ಲ. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಮತ್ತು ಮೊಸರಿನ ದರ ಲೀಟರಿಗೆ 4 ರೂಪಾಯಿ ಏರಿತು. ಕಾಫಿ, ಟೀ ಮಾತ್ರವಲ್ಲ, ಮೊಸರು ವಡೆ, ಮೊಸರನ್ನದ ಲೆಕ್ಕವೂ ಒಂದೇ ದಿನದಲ್ಲಿ ಬದಲಾಯಿತು. 19 ಕಿಲೋದ ವಾಣಿಜ್ಯ ಸಿಲಿಂಡರಿನ ದರ ಸಾಮಾನ್ಯವಾಗಿ ತಿಂಗಳ ಮೊದಲ ತಾರೀಖಿಗೆ ಪರಿಷ್ಕರಣೆಯಾಗುತ್ತದೆ. ಹೀಗಿರುವಾಗ ದರಪಟ್ಟಿ ಎಂದರೆ ಒಮ್ಮೆ ಮಾಡಿಸಿ ಗೋಡೆಗೆ ಹೊಡೆದು ಮರೆಯುವ ವಸ್ತುವಲ್ಲ. ಬದಲಾಗುತ್ತಲೇ ಇರುತ್ತದೆ ಎಂದು ಗೊತ್ತಿದ್ದೇ ಅದನ್ನು ಕಟ್ಟಬೇಕು.

ಈಗ ಆಗುತ್ತಿರುವುದೇನು ಎಂದು ನೋಡಿ. ಫ್ಲೆಕ್ಸಿನ ಮೇಲೆ ಎಡಗಡೆ ಕನ್ನಡದ ಪಟ್ಟಿ, ಅದರ ಮುಂದೆ ದರ. ಬಲಗಡೆ ಅದೇ ತಿಂಡಿಗಳ ಇಂಗ್ಲಿಷ್ ಪಟ್ಟಿ, ಅದರ ಮುಂದೆ ಮತ್ತೆ ದರ. ದರ ಏರಿದಾಗ ಬಿಳಿ ಸ್ಟಿಕರ್ ಅಂಟಿಸಿ ಪೆನ್ನಿನಲ್ಲಿ ಹೊಸ ಅಂಕಿ ಬರೆಯುತ್ತಾರೆ. ಒಂದು ಕಡೆ ಅಂಟಿಸಿದವರು ಇನ್ನೊಂದು ಕಡೆ ಮರೆಯುತ್ತಾರೆ. ಕನ್ನಡ ಓದುವವರಿಗೆ ಮಸಾಲೆ ದೋಸೆ 65, ಇಂಗ್ಲಿಷ್ ಓದುವವರಿಗೆ 70. ಗಲ್ಲಾದಲ್ಲಿ ಕುಳಿತ ಹುಡುಗ ಎರಡಕ್ಕೂ ಉತ್ತರ ಹೇಳಬೇಕು. ಸಾಲಿನಲ್ಲಿ ಹಿಂದೆ ನಿಂತವರು ಕಾಯಬೇಕು. ಇದು ಅಜಾಗರೂಕತೆಯಿಂದ ಆಗುವ ತಪ್ಪಲ್ಲ. ಒಂದೇ ದರವನ್ನು ಎರಡು ಕಡೆ ಬರೆದಲ್ಲಿ ಇವತ್ತಲ್ಲ ನಾಳೆ ಆಗಿಯೇ ಆಗುತ್ತದೆ.

ಆದ್ದರಿಂದ ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಪಟ್ಟಿ ಬೇರೆ, ಫಲಕ ಬೇರೆ. ಪಟ್ಟಿ ನಿಮ್ಮ ಹತ್ತಿರ, ನಿಮ್ಮ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಇರಬೇಕು. ಗೋಡೆಯ ಫಲಕ, ಮೇಜಿನ ಕಾರ್ಡು, ಬಿಲ್ಲಿನ ಯಂತ್ರ ಎಲ್ಲವೂ ಆ ಒಂದು ಪಟ್ಟಿಯಿಂದ ಹುಟ್ಟಬೇಕು. ಮುಂದೆ ಬರೆದಿರುವುದೆಲ್ಲ ಈ ಮಾತಿನ ವಿವರ.

ಹಳೆಯ ಫೈಲು ಯಾಕೆ ಕೈಗೆ ಸಿಗುವುದಿಲ್ಲ

ಫ್ಲೆಕ್ಸ್ ಅಂಗಡಿಗೆ ನೀವು ಕೈಬರಹದ ಚೀಟಿ ಕೊಡುತ್ತೀರಿ. ಅಲ್ಲಿಯವರು ಅದನ್ನು ಬಹುತೇಕ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಈ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಉಳಿಯುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿರುತ್ತಾರೆ, ಅಷ್ಟೆ. ಆ ಫಾಂಟು ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಾಣುತ್ತದೆ. ಅದನ್ನು ವಾಟ್ಸ್ಯಾಪಿನಲ್ಲಿ ಕಳಿಸಲಾಗದು. ‘ಮೊಸರು’ ಎಂದು ಹುಡುಕಿದರೆ ಸಿಗದು.

ಅದರ ಮೇಲೆ, ಮುದ್ರಣಕ್ಕೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್ ಮಾಡುತ್ತಾರೆ. ಅಂದರೆ ಅಕ್ಷರವನ್ನು ಬರಿಯ ಗೆರೆಗಳ ಚಿತ್ರವಾಗಿ ಮಾರ್ಪಡಿಸುತ್ತಾರೆ. ಮುದ್ರಿಸುವವರ ಯಂತ್ರದಲ್ಲಿ ಫಾಂಟು ಇಲ್ಲದಿದ್ದರೂ ಅಕ್ಷರ ಕೆಡಬಾರದು ಎಂದು ಹಾಗೆ ಮಾಡುವುದು, ಆ ಮಟ್ಟಿಗೆ ಅದು ಸರಿಯೇ. ಆದರೆ ಮುಂದಿನ ವರ್ಷ ನೀವು ಆ ಫೈಲನ್ನು ತಂದುಕೊಟ್ಟರೆ ನನಗೆ ಸಿಗುವುದು ಚಿತ್ರ. ಅದರಲ್ಲಿ 65 ಅಳಿಸಿ 70 ಬರೆಯಲು ಆಗುವುದಿಲ್ಲ, ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕು. ಮತ್ತೆ ಟೈಪ್ ಮಾಡಿದಾಗ ಹೊಸ ತಪ್ಪುಗಳು ಸೇರಿಕೊಳ್ಳುತ್ತವೆ.

ಇದಕ್ಕೆ ಪರಿಹಾರ ಯುನಿಕೋಡ್. ನಿಮ್ಮ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯಿಂದ ಬರೆಯುವುದೆಲ್ಲ ಯುನಿಕೋಡೇ. ಆ ಅಕ್ಷರ ಎಲ್ಲಿ ಹೋದರೂ ಕನ್ನಡವಾಗಿಯೇ ಇರುತ್ತದೆ, ಫಾಂಟು ಬದಲಾಯಿಸಿದರೂ ಪಠ್ಯ ಕೆಡುವುದಿಲ್ಲ. ಹಳೆಯ ನುಡಿ ಪಠ್ಯ ಇನ್ನೂ ಕರ್ವ್ ಆಗದೆ ಉಳಿದಿದ್ದರೆ ಅದನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿಯೇ ಇವೆ. ಚೀಟಿಯ ಬದಲು ಯುನಿಕೋಡ್ ಪಟ್ಟಿಯನ್ನು ಕೊಟ್ಟರೆ ಫ್ಲೆಕ್ಸ್ ಅಂಗಡಿಯವರು ಟೈಪ್ ಮಾಡುವ ಪ್ರಮೇಯವೇ ಇಲ್ಲ. ಹೆಸರಿನ ಕಾಗುಣಿತ ನೀವು ಬರೆದಂತೆಯೇ ಫಲಕಕ್ಕೆ ಹೋಗುತ್ತದೆ.

ಪಟ್ಟಿಯನ್ನು ಕಟ್ಟುವ ಬಗೆ

ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ತೆರೆಯಿರಿ. ಅದಕ್ಕೆ Master ಎಂದು ಹೆಸರಿಡಿ. ಮೊದಲ ಸಾಲಿನಲ್ಲಿ ಕಲಮುಗಳ ತಲೆಬರಹ ಇರಲಿ. ಎಂಟು ಕಲಮುಗಳು ಸಾಕು: ಸಂಖ್ಯೆ, ವಿಭಾಗ, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಇಂಗ್ಲಿಷಿನಲ್ಲಿ ಚಿಕ್ಕ ವಿವರ, ಪ್ರಮಾಣ, ದರ, ಈಗ ಮಾರುತ್ತೇವೋ ಇಲ್ಲವೋ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ:

```
101 | ಇಡ್ಲಿ-ವಡೆ | ಇಡ್ಲಿ | Idli | Steamed rice cakes | 2 | 40 | Y
104 | ಇಡ್ಲಿ-ವಡೆ | ಮೊಸರು ವಡೆ | Mosaru Vade | Vade in curd | 1 | 50 | Y
203 | ದೋಸೆ | ಮಸಾಲೆ ದೋಸೆ | Masala Dose | With potato filling | 1 | 70 | Y
302 | ಬಾತ್ | ಚಿತ್ರಾನ್ನ | Chitranna | Lemon rice, peanuts | 1 | 45 | Y
501 | ಕಾಫಿ-ಟೀ | ಕಾಫಿ | Coffee | With milk | 1 | 20 | Y
```

ಇಲ್ಲಿ ಒಂದೇ ಕಟ್ಟುನಿಟ್ಟು: ಒಂದು ಸಾಲಿಗೆ ಒಂದು ತಿಂಡಿ, ಒಂದು ಪ್ರಮಾಣ, ಒಂದು ದರ. ‘ಇಡ್ಲಿ 1/2/3 - 20/40/60’ ಎಂದು ಒಂದೇ ಸಾಲಿನಲ್ಲಿ ತುರುಕಬೇಡಿ. ಒಂದು ಇಡ್ಲಿಯನ್ನು ಬಿಡಿಯಾಗಿ ಕೊಡುವುದಾದರೆ ಅದಕ್ಕೆ ಬೇರೆ ಸಾಲು, ಬೇರೆ ಸಂಖ್ಯೆ. ಬೈ-ಟು ಕಾಫಿಗೆ ನೀವು ಹೆಚ್ಚು ಹಣ ತೆಗೆದುಕೊಳ್ಳುವುದಾದರೆ ಅದೂ ಬೇರೆ ಸಾಲು. ದರದ ಕಲಮಿನಲ್ಲಿ ಬರಿಯ ಅಂಕಿ ಇರಲಿ. ‘ರೂ.’, ‘/-’, ‘ಮಾತ್ರ’ ಯಾವುದೂ ಬೇಡ. ಅವು ಸೇರಿದರೆ ಶೀಟ್ಸ್ ಅದನ್ನು ಅಂಕಿಯೆಂದು ಪರಿಗಣಿಸುವುದಿಲ್ಲ, ಕೂಡಿಸಲೂ ಹೋಲಿಸಲೂ ಬಾರದು.

ಸಂಖ್ಯೆಯನ್ನು ಲಘುವಾಗಿ ನೋಡಬೇಡಿ. ಇಡ್ಲಿ-ವಡೆಗೆ 100ರ ಸಾಲು, ದೋಸೆಗೆ 200ರ ಸಾಲು ಹೀಗೆ ಕೊಟ್ಟರೆ ಹೊಸ ತಿಂಡಿ ಸೇರಿಸಲು ಜಾಗ ಉಳಿಯುತ್ತದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಾಯಿಸಬಾರದು. ತಿಂಡಿ ನಿಲ್ಲಿಸಿದರೂ ಅದರ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬಾರದು. ಬಿಲ್ಲಿನ ಯಂತ್ರ ಇಂಗ್ಲಿಷ್ ಮಾತ್ರ ಮುದ್ರಿಸುವಂಥದ್ದಾದರೂ ಸಂಖ್ಯೆ ಒಂದೇ ಇದ್ದರೆ ಟೋಕನ್ನಿನಲ್ಲಿ 203 ಎಂದು ಕಂಡ ಕೂಡಲೇ ದೋಸೆ ಕಲ್ಲಿನ ಮುಂದೆ ನಿಂತವರಿಗೆ ಮಸಾಲೆ ದೋಸೆ ಎಂದು ಗೊತ್ತಾಗುತ್ತದೆ. ನಿಮ್ಮಲ್ಲಿ ಕೆಲಸ ಮಾಡುವವರಲ್ಲಿ ಕನ್ನಡವಾಗಲಿ ಇಂಗ್ಲಿಷಾಗಲಿ ಓದಲು ಬಾರದವರೂ ಇರಬಹುದು. ಅವರಿಗೂ ಅಂಕಿ ಗೊತ್ತು.

ಒಂದು ತಿಂಡಿಯನ್ನು ಸದ್ಯಕ್ಕೆ ನಿಲ್ಲಿಸಬೇಕಾದರೆ ಸಾಲನ್ನು ಅಳಿಸಬೇಡಿ, ಕೊನೆಯ ಕಲಮಿನಲ್ಲಿ Y ಬದಲು N ಎಂದು ಬರೆಯಿರಿ. ಆಮೇಲೆ ಇನ್ನೊಂದು ಹಾಳೆ ತೆರೆದು ಅದರ ಮೊದಲ ಕೋಶದಲ್ಲಿ ಈ ಸೂತ್ರ ಹಾಕಿ:

```
=SORT(FILTER(Master!A2:H, Master!H2:H="Y"), 1, TRUE)
```

ಈಗ ಮಾರುತ್ತಿರುವ ತಿಂಡಿಗಳು ಮಾತ್ರ ಸಂಖ್ಯೆಯ ಕ್ರಮದಲ್ಲಿ ಇಲ್ಲಿ ಬಂದು ನಿಲ್ಲುತ್ತವೆ. ಫ್ಲೆಕ್ಸಿಗೂ ಕಾರ್ಡಿಗೂ ಈ ಹಾಳೆಯನ್ನೇ ಕೊಡಿ. ಇದರಲ್ಲಿ ಏನನ್ನೂ ಕೈಯಿಂದ ತಿದ್ದಬೇಡಿ, ತಿದ್ದುಪಡಿ ಏನಿದ್ದರೂ Master ಹಾಳೆಯಲ್ಲಿ. ಒಂದೇ ಸಂಖ್ಯೆ ಎರಡು ಸಲ ಬಂದಿದೆಯೇ ಎಂದು ತಿಳಿಯಲು Master ಹಾಳೆಯ ಸಂಖ್ಯೆಯ ಕಲಮನ್ನು A2ರಿಂದ ಕೆಳಗೆ ಆರಿಸಿಕೊಂಡು Conditional formatting ಒಳಗೆ Custom formula ಆಯ್ದು ಈ ಸಾಲು ಹಾಕಿ:

```
=COUNTIF($A$2:$A, $A2)>1
```

ತಪ್ಪಿ ಎರಡು ಸಲ ಬರೆದ ಸಂಖ್ಯೆಗಳು ಬಣ್ಣದಲ್ಲಿ ಎದ್ದು ಕಾಣುತ್ತವೆ.

ಹೆಸರು ಬರೆಯುವಾಗ

ಕನ್ನಡದ ಕಲಮಿನಲ್ಲಿ ನಿಮ್ಮ ಗಿರಾಕಿ ಬಾಯಲ್ಲಿ ಹೇಳುವ ಹೆಸರೇ ಇರಲಿ. ಜನ ‘ಉಪ್ಪಿಟ್ಟು’ ಎನ್ನುವ ಊರಿನಲ್ಲಿ ಉಪ್ಪಿಟ್ಟು, ‘ಖಾರಾಬಾತ್’ ಎನ್ನುವ ಕಡೆ ಖಾರಾಬಾತ್. ಗೋಬಿ ಮಂಚೂರಿ, ಫ್ರೈಡ್ ರೈಸ್ ಕನ್ನಡ ಲಿಪಿಯಲ್ಲಿ ಹಾಗೆಯೇ ಇರಲಿ. ಅವಕ್ಕೆ ಕನ್ನಡದ ಹೊಸ ಹೆಸರು ಕಟ್ಟಲು ಹೋದರೆ ಯಾರಿಗೂ ತಿಳಿಯುವುದಿಲ್ಲ.

ಇಂಗ್ಲಿಷಿಗೆ ಎರಡು ಕಲಮು ಇಟ್ಟದ್ದಕ್ಕೆ ಕಾರಣವಿದೆ. ಮೊದಲನೆಯದರಲ್ಲಿ ಕನ್ನಡದ ಹೆಸರೇ ಇಂಗ್ಲಿಷ್ ಲಿಪಿಯಲ್ಲಿ. ಹೊರಗಿನಿಂದ ಬಂದವರು ಅದನ್ನು ಓದಿ ಬಾಯಿಬಿಟ್ಟು ಹೇಳಿದಾಗ ಗಲ್ಲಾದವರಿಗೆ ಅರ್ಥವಾಗಬೇಕು. ಚಿತ್ರಾನ್ನವನ್ನು ‘ಲೆಮನ್ ರೈಸ್’ ಎಂದಷ್ಟೇ ಬರೆದರೆ ಗಿರಾಕಿ ಕೇಳುವುದು ಒಂದು, ಒಳಗೆ ಕೂಗುವುದು ಇನ್ನೊಂದು. ಎರಡನೆಯ ಕಲಮಿನಲ್ಲಿ ಮೂರು ನಾಲ್ಕು ಪದಗಳ ವಿವರ. ಅಲ್ಲಿ ಹೇಳಬೇಕಾದ್ದು ರುಚಿಯ ವರ್ಣನೆಯಲ್ಲ, ಏನಿದೆ ಎಂಬುದು. ಕಡಲೆಕಾಯಿ, ಗೋಡಂಬಿ, ಹಾಲು, ಮೊಸರು ಇವೆಯೇ? ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕೆನ್ನುವವರಿಗೆ ಯಾವುದು? ಕಡಲೆಕಾಯಿ ಒಗ್ಗದ ವ್ಯಕ್ತಿಗೆ ಚಿತ್ರಾನ್ನದಲ್ಲಿ ಅದು ಇರುತ್ತದೆಂದು ಗೊತ್ತಿರಲಿಕ್ಕಿಲ್ಲ. ಆ ಒಂದು ಪದ ಅವರನ್ನು ಆಸ್ಪತ್ರೆಯಿಂದ ತಪ್ಪಿಸಬಹುದು. ಇದೇ ವಿವರ ಕನ್ನಡದಲ್ಲೂ ಬೇಕೆನಿಸಿದರೆ ಇನ್ನೊಂದು ಕಲಮು ಸೇರಿಸಿಕೊಳ್ಳಿ. ಅದನ್ನು ಕೊನೆಯಲ್ಲಿ, Y ಇರುವ ಕಲಮಿನ ನಂತರ ಸೇರಿಸಿ ಸೂತ್ರದ ಮೊದಲ `H` ಮಾತ್ರ `I` ಮಾಡಿದರೆ ಉಳಿದದ್ದೆಲ್ಲ ಹಾಗೇ ನಡೆಯುತ್ತದೆ.

ಇಂಗ್ಲಿಷ್ ಕಾಗುಣಿತವನ್ನು ಒಮ್ಮೆ ತೀರ್ಮಾನಿಸಿ ಅದಕ್ಕೇ ಅಂಟಿಕೊಳ್ಳಿ. `Dose` ಎಂದು ಬರೆದರೆ ಎಲ್ಲ ದೋಸೆಗೂ ಹಾಗೆಯೇ ಬರೆಯಿರಿ. ಔಷಧಿಯ ಪ್ರಮಾಣವೆಂದು ಓದುವವರಿರುತ್ತಾರೆ ಎನಿಸಿದರೆ ಎಲ್ಲ ಕಡೆಯೂ `Dosa` ಮಾಡಿ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಒಂದೇ ಫಲಕದಲ್ಲಿ ಎರಡೂ ಬಂದರೆ ಇವು ಬೇರೆ ಬೇರೆ ತಿಂಡಿಗಳೇನೋ ಎನಿಸುತ್ತದೆ.

ಫಲಕದ ಲೆಕ್ಕ

ಈಗ ಒಂದು ದರ್ಶಿನಿಯ ಗೋಡೆಗೆ ಲೆಕ್ಕ ಹಾಕೋಣ. 28 ತಿಂಡಿಗಳಿವೆ, ನಾಲ್ಕು ವಿಭಾಗಗಳಿವೆ ಎಂದುಕೊಳ್ಳಿ. ವಿಭಾಗದ ತಲೆಬರಹಕ್ಕೆ ನಾಲ್ಕು ಸಾಲು, ಪ್ರತಿ ವಿಭಾಗದ ಕೊನೆಗೆ ಖಾಲಿ ಬಿಡುವ ಒಂದೊಂದು ಸಾಲು ಸೇರಿ ಮತ್ತೆ ನಾಲ್ಕು. ಒಟ್ಟು 36 ಸಾಲು. ಗಲ್ಲಾದ ಮೇಲೆ ಎಂಟು ಅಡಿ ಅಗಲ, ನಾಲ್ಕು ಅಡಿ ಎತ್ತರದ ಫಲಕಕ್ಕೆ ಜಾಗವಿದೆ. ಅಂದರೆ ಸುಮಾರು 2440 ಮಿಲಿಮೀಟರ್ ಅಗಲ, 1220 ಎತ್ತರ. 18 ಸಾಲಿನ ಎರಡು ಕಂಬಗಳಾಗಿ ಹಂಚಿದರೆ ಒಂದು ಸಾಲಿಗೆ 60 ಮಿಲಿಮೀಟರ್ ಎತ್ತರ ಸಿಗುತ್ತದೆ. 18 ಸಾಲಿಗೆ 1080. ಉಳಿದ 140 ಮಿಲಿಮೀಟರ್ ಮೇಲಿನ ಶೀರ್ಷಿಕೆಗೂ ಕೆಳಗಿನ ದಿನಾಂಕಕ್ಕೂ ಸಾಕು.

ಫಲಕ ಬರೆಯುವವರು ಲೆಕ್ಕಕ್ಕೆ ಇಟ್ಟುಕೊಳ್ಳುವ ಒಂದು ಅಂದಾಜಿದೆ: ಹತ್ತು ಅಡಿ ದೂರದಿಂದ ಆರಾಮಾಗಿ ಓದಲು ಅಕ್ಷರ ಒಂದು ಇಂಚು ಎತ್ತರವಿರಬೇಕು. ಇದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ನೋಡಿ ಮಾಡಿದ ಅಂದಾಜು. ಕನ್ನಡಕ್ಕೆ ಸ್ವಲ್ಪ ಹೆಚ್ಚೇ ಬೇಕು. ಏಕೆಂದರೆ ನಮ್ಮಲ್ಲಿ ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಅಕ್ಷರ ಚಿಕ್ಕದಾದರೆ ಮೊದಲು ಮಾಯವಾಗುವುದು ಅದೇ.

ಹಾಗಾಗಿ ಒತ್ತಕ್ಷರ ಬಿಟ್ಟು ಮೂಲ ಅಕ್ಷರಕ್ಕೇ 28 ಮಿಲಿಮೀಟರ್ ಕೊಡೋಣ. ಒತ್ತಕ್ಷರ ಕೆಳಗೆ ಸುಮಾರು 14 ಮಿಲಿಮೀಟರ್ ಇಳಿಯುತ್ತದೆ. ಮೇಲಿನ ಗುಣಿತದ ಚಿಹ್ನೆಗಳಿಗೆ ಸುಮಾರು 8 ಬೇಕು. ಅಲ್ಲಿಗೆ 50 ಆಯಿತು. ಸಾಲು ಸಾಲಿನ ನಡುವೆ 10 ಉಳಿಯಿತು. ಇಂಗ್ಲಿಷಿಗೆ ಮಾಡಿದ ಅಳತೆಯನ್ನು ಕನ್ನಡಕ್ಕೂ ಹಾಕಿದರೆ ಎಡವುವುದು ಇಲ್ಲಿಯೇ: ‘ಉಪ್ಪಿಟ್ಟು’ವಿನ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ತಾಗದಂತೆ ಮಾಡಲು ಕನ್ನಡವನ್ನು ಕುಗ್ಗಿಸುತ್ತಾರೆ. ಕೊನೆಗೆ ಇಂಗ್ಲಿಷ್ ದೊಡ್ಡದಾಗಿ, ಕನ್ನಡ ಸಣ್ಣದಾಗಿ ಕಾಣುತ್ತದೆ. ಮೊದಲು ಕನ್ನಡದ ಸಾಲಿನ ಎತ್ತರ ನಿಗದಿ ಮಾಡಿ, ಅದರೊಳಗೆ ಇಂಗ್ಲಿಷನ್ನು ಕೂರಿಸಿದರೆ ಈ ತೊಂದರೆಯೇ ಇಲ್ಲ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಆ ಒಂದು ಇಂಚು ಸಾಕು. ಪದದ ಮೊದಲ ಅಕ್ಷರ ಮಾತ್ರ ದೊಡ್ಡದಿರಲಿ. ಪೂರ್ತಿ ದೊಡ್ಡಕ್ಷರದಲ್ಲಿ ಬರೆದ ಹೆಸರು ಜಾಗವನ್ನೂ ಹೆಚ್ಚು ತಿನ್ನುತ್ತದೆ, ಓದಲೂ ನಿಧಾನ.

ಒಂದು ಕಂಬಕ್ಕೆ ಸಿಕ್ಕಿದ 1220 ಮಿಲಿಮೀಟರ್ ಅಗಲದಲ್ಲಿ ಎಡಕ್ಕೆ ಕನ್ನಡಕ್ಕೆ 500, ನಡುವೆ ಇಂಗ್ಲಿಷಿಗೆ 400, ಬಲಕ್ಕೆ ದರಕ್ಕೆ 200. ಉಳಿದದ್ದು ಅಂಚು. ದರ ಒಂದೇ ಸಲ. ಎರಡು ಭಾಷೆಯವರೂ ಒಂದೇ ಸಾಲಿನಲ್ಲಿ ಕಣ್ಣು ಸರಿಸಿ ಒಂದೇ ಅಂಕಿಗೆ ಬರಬೇಕು. ಈ ಪತ್ರದಲ್ಲಿ ನೀವು ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಹೆಸರುಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂದು ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಒಳಗಿನ ದರಪಟ್ಟಿಯಲ್ಲೂ ಕನ್ನಡ ಮೊದಲು, ಕನ್ನಡ ದೊಡ್ಡದು ಎಂಬ ಕ್ರಮ ಇಟ್ಟುಕೊಂಡರೆ ಒಳಗೂ ಹೊರಗೂ ಒಂದೇ ರೀತಿ ಕಾಣುತ್ತದೆ.

ದರಕ್ಕೆ 0ಯಿಂದ 9ರ ಅಂಕಿಗಳನ್ನೇ ಬಳಸಿ, ಬಲ ಅಂಚಿಗೆ ಸರಿಯಾಗಿ ಜೋಡಿಸಿ. ಆಗ 20ರ ಸೊನ್ನೆಯ ಕೆಳಗೆ 120ರ ಸೊನ್ನೆ ಬರುತ್ತದೆ, ಹೋಲಿಕೆ ಸುಲಭ. ಕನ್ನಡ ಅಂಕಿಗಳ ಮೇಲೆ ನನಗೂ ಪ್ರೀತಿ ಇದೆ. ಆದರೆ ಅವನ್ನು ದರಕ್ಕೆ ಬಳಸಿದರೆ ಇಂಗ್ಲಿಷ್ ಓದುವವರಿಗಾಗಿ ಇನ್ನೊಂದು ದರದ ಕಂಬ ಬೇಕಾಗುತ್ತದೆ, ಮತ್ತೆ ಹಳೆಯ ತೊಂದರೆಗೇ ಮರಳುತ್ತೇವೆ. ₹ ಚಿಹ್ನೆಯನ್ನು ಪ್ರತಿ ಸಾಲಿಗೂ ಹಾಕಬೇಕಾಗಿಲ್ಲ, ಕಂಬದ ತಲೆಯಲ್ಲಿ ಒಮ್ಮೆ ಇದ್ದರೆ ಸಾಕು. ಈ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಬರುತ್ತದೆ.

ಫಾಂಟಿಗೆ ಬಂದರೆ ನೋಟೊ ಸ್ಯಾನ್ಸ್ ಕನ್ನಡ, ಅನೆಕ್ ಕನ್ನಡ ಎರಡೂ ಉಚಿತ, ಯುನಿಕೋಡ್, ದೂರದಿಂದ ಸ್ಪಷ್ಟ. ಅನೆಕ್‌ನಲ್ಲಿ ಕಿರಿದಾದ ಮತ್ತು ಅಗಲವಾದ ರೂಪಗಳಿವೆ. ‘ಈರುಳ್ಳಿ ರವೆ ಮಸಾಲೆ ದೋಸೆ’ಯಂಥ ಉದ್ದದ ಹೆಸರಿಗೆ ಅಕ್ಷರವನ್ನು ಬಲವಂತವಾಗಿ ಹಿಸುಕದೆ ಕಿರಿದಾದ ರೂಪವನ್ನೇ ಆರಿಸಿಕೊಳ್ಳಬಹುದು. ಬಾಲೂ ತಮ್ಮದಂಥ ದಪ್ಪ ಫಾಂಟು ತಲೆಬರಹಕ್ಕೆ ಚೆಂದ. ತಿಂಡಿಯ ಸಾಲುಗಳಿಗೆ ಅತಿ ದಪ್ಪ ಬೇಡ, ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಹೋಗಿ ದೂರಕ್ಕೆ ಉಂಡೆಯಂತೆ ಕಾಣುತ್ತದೆ. ಬಿಳಿ ಹಿನ್ನೆಲೆಗೆ ಕಪ್ಪು, ಇಲ್ಲವೇ ಕಡು ಹಸಿರಿಗೆ ಬಿಳಿ. ಹಿಂದೆ ದೋಸೆಯ ಚಿತ್ರ ಹಾಕಿ ಅದರ ಮೇಲೆ ಅಕ್ಷರ ಬೇಡ. ಹೊಳಪಿನ ಲ್ಯಾಮಿನೇಷನ್ನೂ ಬೇಡ, ಟ್ಯೂಬ್‌ಲೈಟಿನ ಬೆಳಕು ಅದರಲ್ಲಿ ಪ್ರತಿಫಲಿಸಿ ಎರಡು ಮೂರು ಸಾಲು ಕಾಣದಂತಾಗುತ್ತದೆ. ಮ್ಯಾಟ್ ಕೇಳಿ.

ಗೋಡೆಯ ಫಲಕದಲ್ಲಿ ಹೆಸರು ಮತ್ತು ದರ ಮಾತ್ರ. ಐದನೆಯ ಕಲಮಿನ ವಿವರಕ್ಕೆ ಅಲ್ಲಿ ಜಾಗವಿಲ್ಲ. ಅದು ಗಲ್ಲಾದ ಬಳಿ ಇಡುವ ಎ4 ಕಾರ್ಡಿಗೆ. ಅದೇ ಹಾಳೆಯಿಂದಲೇ ನೀವೇ ಅದನ್ನು ಮುದ್ರಿಸಿಕೊಳ್ಳಬಹುದು.

ದರ ಬದಲಾಯಿಸುವ ದಿನ

ಸಾಲಿನ ಎತ್ತರವನ್ನು ಎಲ್ಲ ಕಡೆ ಒಂದೇ ಇಟ್ಟದ್ದರ ಫಲ ಈಗ ಸಿಗುತ್ತದೆ. ಫಲಕ ಮಾಡಿಸುವಾಗ ಹೆಸರುಗಳ ಭಾಗವನ್ನೂ ದರದ ಕಂಬವನ್ನೂ ಬೇರೆ ಬೇರೆ ತುಂಡುಗಳಾಗಿ ಮಾಡಿಸಿ. ದರದ ಕಂಬ 200 ಮಿಲಿಮೀಟರ್ ಅಗಲ, 1080 ಎತ್ತರದ ಒಂದು ಸನ್‌ಬೋರ್ಡ್ ಪಟ್ಟಿ. ಅದನ್ನು ಸ್ಕ್ರೂ ಅಥವಾ ವೆಲ್ಕ್ರೋದಿಂದ ಕೂರಿಸಿ. ದರ ಏರಿದಾಗ ಎಂಟು ಅಡಿಯ ಫಲಕವನ್ನು ಮುಟ್ಟಬೇಕಿಲ್ಲ, ಈ ಎರಡು ಪಟ್ಟಿಗಳನ್ನು ಮಾತ್ರ ಮುದ್ರಿಸಿ ಬದಲಾಯಿಸಿದರೆ ಆಯಿತು. ಸಾಲಿಗೆ 60 ಮಿಲಿಮೀಟರ್ ಎಂದು ಗಟ್ಟಿಯಾಗಿ ಹಿಡಿದಿರುವುದರಿಂದ ಹೊಸ ಪಟ್ಟಿಯ ಅಂಕಿ ತಿಂಡಿಯ ಎದುರೇ ಬರುತ್ತದೆ.

ಹಾಲಿನ ದರ ಏರಿದೆ ಎಂದುಕೊಳ್ಳಿ. ಮೊದಲು Master ಹಾಳೆಯ ಒಂದು ನಕಲು ತೆಗೆದು ಅದಕ್ಕೆ ಆ ದಿನದ ದಿನಾಂಕವನ್ನೇ ಹೆಸರಾಗಿಡಿ, ಹಳೆಯ ದರದ ದಾಖಲೆ ಉಳಿಯುತ್ತದೆ. ಆಮೇಲೆ ‘ಮೊಸ’ ಎಂದಷ್ಟೇ ಹುಡುಕಿ. ಮೊಸರು ವಡೆಯೂ ಮೊಸರನ್ನವೂ ಎರಡು ಬೇರೆ ವಿಭಾಗಗಳಿಂದ ಸಿಗುತ್ತವೆ. ಬರಿಯ ಕಾಫಿ-ಟೀ ವಿಭಾಗ ತಿದ್ದಿ ಎದ್ದುಬಿಟ್ಟಿದ್ದರೆ ಅವು ಹಳೆಯ ದರದಲ್ಲೇ ಉಳಿಯುತ್ತಿದ್ದವು. ಐದನೆಯ ಕಲಮಿನಲ್ಲಿ ಹಾಲು, ಮೊಸರು ಇರುವುದನ್ನು ಬರೆದಿದ್ದರೆ ಅದರ ಮೇಲೂ ಒಮ್ಮೆ ಕಣ್ಣಾಡಿಸಿ. ದರ ತಿದ್ದಿ. ದರದ ಪಟ್ಟಿಗಳನ್ನೂ ಎ4 ಕಾರ್ಡನ್ನೂ ಮುದ್ರಿಸಿ. ಬಿಲ್ಲಿನ ಯಂತ್ರದಲ್ಲಿ ಅದೇ ಸಂಖ್ಯೆಗಳ ಮುಂದೆ ಹೊಸ ದರ ಹಾಕಿ. ಮನೆಗೆ ತಲುಪಿಸುವ ಆಪ್‌ಗಳಲ್ಲಿ ನಿಮ್ಮ ಪಟ್ಟಿ ಇದ್ದರೆ ಅಲ್ಲೂ ಹಾಕಿ. ಕೊನೆಗೆ ಫಲಕದ ಕೆಳಗೆ ‘ಈ ದರಗಳು ಜಾರಿಗೆ ಬಂದ ದಿನ’ ಎಂದು ಎರಡೂ ಭಾಷೆಯಲ್ಲಿ ದಿನಾಂಕ ಇರಲಿ. ಕಾರ್ಡಿನ ದಿನಾಂಕವೂ ಫಲಕದ ದಿನಾಂಕವೂ ಒಂದೇ ಇದ್ದರೆ ಎಲ್ಲವೂ ಬದಲಾಗಿದೆ ಎಂದರ್ಥ. ಬೇರೆ ಇದ್ದರೆ ಯಾವುದು ಹಿಂದೆ ಉಳಿದಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಹೊಸ ತಿಂಡಿ ಬಂದರೆ ವಿಭಾಗದ ಕೊನೆಯ ಖಾಲಿ ಸಾಲಿನಲ್ಲಿ ಅದರ ಹೆಸರಿನ ಒಂದು ಪಟ್ಟಿ ಅಂಟಿಸಬಹುದು. ದಿನಕ್ಕೊಂದರಂತೆ ಬದಲಾಗುವ ವಿಶೇಷಗಳು, ಮಂಗಳವಾರದ ಅಕ್ಕಿ ರೊಟ್ಟಿ, ಭಾನುವಾರದ ಪಡ್ಡು ಮುಂತಾದವು, ಈ ಫಲಕಕ್ಕೆ ಸೇರಬಾರದು. ಅವಕ್ಕೆ ಬಾಗಿಲ ಬಳಿ ಸೀಮೆಸುಣ್ಣದ ಕರಿಹಲಗೆಯೇ ಸರಿ. ಕ್ಯೂಆರ್ ಇಡುವುದಾದರೆ ಫಲಕದ ಜೊತೆಗೆ ಇಡಿ, ಫಲಕದ ಬದಲಿಗೆ ಬೇಡ. ನಿಂತು ತಿಂದು ಹೋಗುವ ಜಾಗದಲ್ಲಿ ಮೊಬೈಲು ತೆಗೆದು ಪಟ್ಟಿ ಓದುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ.

ಮುದ್ರಿಸುವ ಮುನ್ನ

ಫ್ಲೆಕ್ಸ್ ಅಂಗಡಿಯವರು ಕಳಿಸುವ ಮಾದರಿಯಲ್ಲಿ ಮೂರು ಹೆಸರುಗಳನ್ನು ಮೊದಲು ಹುಡುಕಿ: ಉಪ್ಪಿಟ್ಟು, ಬೆಣ್ಣೆ ದೋಸೆ, ಅಕ್ಕಿ ರೊಟ್ಟಿ. ಇವುಗಳಲ್ಲಿ ಒತ್ತಕ್ಷರಗಳಿವೆ. ಆ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸದಿದ್ದರೆ ಒತ್ತು ಕೆಳಗೆ ಇಳಿಯದೆ ‘ಉಪ್‌ಪಿಟ್‌ಟು’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಇದು ಟೈಪ್ ಮಾಡಿದವರ ತಪ್ಪಲ್ಲ, ಒಂದೊಂದು ಅಕ್ಷರವನ್ನು ತಿದ್ದಿ ಪ್ರಯೋಜನವೂ ಇಲ್ಲ. ಇನ್‌ಡಿಸೈನ್ ಬಳಸುವವರಾದರೆ World-Ready Composer ಆಯ್ದುಕೊಳ್ಳಲು ಹೇಳಿ. ಅಂಥ ಆಯ್ಕೆ ಇಲ್ಲದ ಹಳೆಯ ತಂತ್ರಾಂಶವಾದರೆ ಗೂಗಲ್ ಡಾಕ್ಸ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ ಜೋಡಿಸಿ ಪಿಡಿಎಫ್ ಮಾಡಿ ತರಿಸಿ. ‘ಹಾಫ್’ ಮತ್ತು ‘ಪ್ಲೇಟ್’ ಮುಂತಾಗಿ ವ್ಯಂಜನದಲ್ಲಿ ಮುಗಿಯುವ ಪದದ ಮುಂದೆ ಇನ್ನೊಂದು ಪದ ಬಂದರೆ ನಡುವೆ ಜಾಗ ಬಿಡಿ. ಇಲ್ಲದಿದ್ದರೆ ‘ಹಾಫ್ಪ್ಲೇಟ್’ ಎಂದು ಒತ್ತಾಗಿ ಹೆಣೆದುಕೊಳ್ಳುತ್ತದೆ.

ಅಕ್ಷರ ಸರಿಯಿದೆ ಎಂದಾದ ಮೇಲೆ ನಾಲ್ಕೈದು ಸಾಲುಗಳನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ. ಬೆಳಗಿನ ಗದ್ದಲದ ಹೊತ್ತಿನಲ್ಲಿ ಸಾಲಿನ ಕೊನೆಯವರು ನಿಲ್ಲುವ ಜಾಗದಲ್ಲಿ ನೀವು ನಿಲ್ಲಿ. ಕನ್ನಡಕ ಹಾಕುವ ಹಿರಿಯರೊಬ್ಬರನ್ನೂ ಕನ್ನಡ ಬಾರದ ಒಬ್ಬರನ್ನೂ ಕರೆದು ಒಂದು ತಿಂಡಿಯ ದರ ಕೇಳಿ. ಇಬ್ಬರೂ ಒಂದೇ ಅಂಕಿಯನ್ನು ಕತ್ತು ಮುಂದಕ್ಕೆ ಚಾಚದೆ ಹೇಳಿದರೆ ಮುದ್ರಣಕ್ಕೆ ಕೊಡಿ.

ಫಲಕಕ್ಕೆ ಹಣ ಕೊಡುವಾಗ ಅಂಗಡಿಯವರಿಂದ ಮೂರನ್ನು ಕೇಳಿ ಪಡೆಯಿರಿ: ಕರ್ವ್ ಮಾಡುವ ಮೊದಲಿನ ಫೈಲು, ಪಿಡಿಎಫ್, ಬಳಸಿದ ಫಾಂಟಿನ ಹೆಸರು. ಇವನ್ನು ಕೊಡುವುದು ನಮ್ಮ ಕಸುಬಿನವರ ಕರ್ತವ್ಯವೇ, ಆದರೆ ಕೇಳದಿದ್ದರೆ ಯಾರಿಗೂ ನೆನಪಾಗುವುದಿಲ್ಲ. ಮೂರನ್ನೂ Master ಹಾಳೆ ಇರುವ ಡ್ರೈವಿನಲ್ಲೇ ಇಡಿ. ಮುಂದೆ ಯಾವ ಊರಿನ ಯಾವ ಅಂಗಡಿಗೆ ಹೋದರೂ ಕೆಲಸ ಮೊದಲಿನಿಂದ ಶುರುವಾಗುವುದಿಲ್ಲ.

ಫಲಕವನ್ನು ಇವತ್ತೇ ಬದಲಾಯಿಸಿ ಎಂದು ನಾನು ಹೇಳುತ್ತಿಲ್ಲ. ಈಗಿರುವುದು ಇನ್ನೂ ಸ್ವಲ್ಪ ಕಾಲ ಬಾಳಬಹುದು. ಪಟ್ಟಿಯನ್ನು ಮಾತ್ರ ಈ ವಾರವೇ ಕಟ್ಟಿಬಿಡಿ. ಇಪ್ಪತ್ತು ಮೂವತ್ತು ತಿಂಡಿಗಳ ಪಟ್ಟಿಗೆ ಮಧ್ಯಾಹ್ನದ ಬಿಡುವು ಸಾಕು. ಅದನ್ನು ಬರೆಯುವಾಗ ಗಲ್ಲಾದಲ್ಲಿ ಕೂರುವವರನ್ನೂ ಅಡುಗೆ ಭಟ್ಟರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಹೆಸರನ್ನು ಗಿರಾಕಿಗಳು ತಪ್ಪಾಗಿ ಓದುತ್ತಾರೆ, ಯಾವ ತಿಂಡಿಯಲ್ಲಿ ಏನು ಬೀಳುತ್ತದೆ ಎಂದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮುಂದಿನ ಸಲ ದರ ಏರಿದಾಗ ಚೀಟಿ ಹಿಡಿದು ಬರುವ ಬದಲು ಆ ಹಾಳೆಯ ಕೊಂಡಿಯನ್ನು ನಮಗೆ ಕಳಿಸಿ. ‘ರೇಟು ಮಾತ್ರ ಬದಲಾಯಿಸಿಕೊಡಿ’ ಎಂಬ ಮಾತಿಗೆ ಆಗ ನಾವು ಆಗುವುದಿಲ್ಲ ಎನ್ನಬೇಕಾಗಿ ಬರುವುದಿಲ್ಲ.

ನಿಮ್ಮ ವಿಶ್ವಾಸಿ,
ಒಬ್ಬ ಅಕ್ಷರ ಜೋಡಣೆಗಾರ